ಅನೇರೋಬಿಕ್ ಕಾಫಿ: ಒಂದರಲ್ಲಿ ಅನಾನಸ್, ಇನ್ನೊಂದರಲ್ಲಿ ರಮ್, ಯಾಕೆ ಹೀಗೆ?

ಕೇಳಿದವರು, ಬೆಂಗಳೂರು:
ಚಿಕ್ಕಮಗಳೂರು ಕಡೆಯ ಎರಡು ಕಾಫಿ ತಂದಿದ್ದೆ. ಎರಡರ ಮೇಲೂ ‘ಅನೇರೋಬಿಕ್ ನ್ಯಾಚುರಲ್’ ಅಂತಲೇ ಇದೆ, ಅಂದರೆ ಇಡೀ ಹಣ್ಣನ್ನು ಗಾಳಿಯಾಡದ ಟ್ಯಾಂಕಿನಲ್ಲಿ ಹುದುಗಿಸಿ, ಸಿಪ್ಪೆ ಸಮೇತ ಒಣಗಿಸಿದ್ದಂತೆ. ಒಂದು ಅನಾನಸ್, ಹಲಸಿನ ತೊಳೆ ಥರ, ತುಂಬಾ ಇಷ್ಟವಾಯಿತು. ಇನ್ನೊಂದರ ಪೊಟ್ಟಣ ಬಿಚ್ಚಿದರೆ ರಮ್ ವಾಸನೆ, ಕುಡಿದರೆ ಗಂಟಲಲ್ಲಿ ಚುರುಕ್ ಅನ್ನುತ್ತೆ. ನಮ್ಮ ಅತ್ತೆ ‘ಇದಕ್ಕೆ ಹೆಂಡ ಹಾಕಿದ್ದಾರೇನೇ’ ಅಂದರು. ಇದು ಕೆಟ್ಟ ಕಾಫಿಯಾ, ಇಲ್ಲ ಹೀಗೇ ಇರಬೇಕಾ? ಟ್ಯಾಂಕಿನೊಳಗೆ ಏನು ನಡೆಯುತ್ತೆ? ಗೊತ್ತಿರುವವರು ಹೇಳಿ.

ಮನೆಯಲ್ಲೇ ಹುರಿಯುವವನು, ಹುಬ್ಬಳ್ಳಿ:
ಇದು ಸಿಂಪಲ್ ಮೇಡಂ. ಗಾಳಿ ಇಲ್ಲದ ಕಡೆ ಯೀಸ್ಟ್ ಸಕ್ಕರೆ ತಿಂದು ಆಲ್ಕೊಹಾಲ್ ಮಾಡುತ್ತೆ. ಅದು ಬೀಜದೊಳಗೆ ಇಳಿಯುತ್ತೆ, ಅಲ್ಲಿಂದ ನಿಮ್ಮ ಕಪ್ಪಿಗೆ ಬರುತ್ತೆ. ಜಾಸ್ತಿ ದಿನ ಮುಚ್ಚಿಟ್ಟಷ್ಟೂ ರಮ್ ಜಾಸ್ತಿ, ಕಡಿಮೆ ದಿನ ಇಟ್ಟರೆ ಹಣ್ಣಿನ ರುಚಿ. ನಿಮ್ಮ ಎರಡನೇ ಪೊಟ್ಟಣದವರು ಟ್ಯಾಂಕ್ ತೆಗೆಯುವುದನ್ನು ಮರೆತಿರಬೇಕು ಅಷ್ಟೇ.

ಬೆಳೆಗಾರ, ಮೂಡಿಗೆರೆ ಕಡೆ:
ಅರ್ಧ ಸರಿ. ಆಲ್ಕೊಹಾಲ್ ಹುಟ್ಟುವುದು ನಿಜ. ಅದೇ ಕಪ್ಪಿಗೆ ಬರುತ್ತೆ ಅನ್ನುವುದು ಸರಿಯಲ್ಲ. ಕಣದಲ್ಲಿ ವಾರಗಟ್ಟಲೆ ಒಣಗಿ, ಆಮೇಲೆ 200 ಡಿಗ್ರಿ ಆಸುಪಾಸಿನಲ್ಲಿ ಹುರಿದ ಬೀಜದಲ್ಲಿ ಮತ್ತೇರಿಸುವಷ್ಟು ಆಲ್ಕೊಹಾಲ್ ಎಲ್ಲಿ ಉಳಿಯುತ್ತೆ? ಅತ್ತೆಯವರಿಗೆ ಧೈರ್ಯವಾಗಿ ಕೊಡಿ.

ಉಳಿಯುವುದು ಬೇರೆ. ಆಲ್ಕೊಹಾಲೂ ಹುಳಿಯೂ ಸೇರಿದಾಗ ಎಸ್ಟರ್ ಅನ್ನುವ ವಾಸನೆಯ ಪದಾರ್ಥಗಳು ಆಗುತ್ತವೆ. ಬಾಳೆಹಣ್ಣಿಗೆ, ಅನಾನಸ್‌ಗೆ ಆ ಘಮ ಬರುವುದೂ ಎಸ್ಟರ್‌ಗಳಿಂದಲೇ. ಅವು ಹಿತವಾಗಿದ್ದರೆ ಹಣ್ಣು. ಮಿತಿ ಮೀರಿದರೆ, ಅದರಲ್ಲೂ ಈಥೈಲ್ ಅಸಿಟೇಟ್ ಅನ್ನುವುದು ಮೀರಿದರೆ, ನೈಲ್ ಪಾಲಿಶ್ ತೆಗೆಯುವ ದ್ರಾವಣದ ವಾಸನೆ. ಹೀಗಾಗಿ ನಿಮ್ಮ ಎರಡು ಪೊಟ್ಟಣದ್ದೂ ಒಂದೇ ವಂಶ, ಒಂದು ಹದದಲ್ಲಿದೆ, ಇನ್ನೊಂದು ಹದ ತಪ್ಪಿದೆ.

ಟ್ಯಾಂಕ್ ಅಂದರೆ ನಮ್ಮ ಕಡೆ ಬಹುತೇಕ 200 ಲೀಟರ್‌ನ ನೀಲಿ ಡ್ರಮ್ಮೇ. ದುಡ್ಡಿದ್ದವರ ಹತ್ತಿರ ಸ್ಟೀಲಿನದು ಇರುತ್ತೆ. ಪೂರಾ ಕೆಂಪಾದ ಹಣ್ಣನ್ನು ನೀರಿಗೆ ಹಾಕಿ, ತೇಲಿದ್ದು ತೆಗೆದು, ಒಂದು ಡ್ರಮ್ಮಿಗೆ ನೂರು ಕೆಜಿ ಹತ್ತಿರ ತುಂಬುತ್ತೇವೆ. ಮೇಲೆ ಸ್ವಲ್ಪ ಜಾಗ ಬಿಟ್ಟು, ಮುಚ್ಚಳ ಬಿಗಿದು, ಅದರಿಂದ ಒಂದು ಪೈಪ್ ತೆಗೆದು ನೀರಿನ ಬಾಟಲಿಗೆ ಮುಳುಗಿಸುತ್ತೇವೆ. ಒಳಗಿನ ಗಾಳಿ ಹೊರಗೆ ಹೋಗಬೇಕು, ಹೊರಗಿನದು ಒಳಗೆ ಬರಬಾರದು. ಹಣ್ಣೂ ಯೀಸ್ಟೂ ಒಳಗಿದ್ದ ಆಮ್ಲಜನಕ ಮುಗಿಸಿಬಿಡುತ್ತವೆ, ಆಮೇಲೆ ಬಾಟಲಿಯಲ್ಲಿ ಗುಳ್ಳೆ ಏಳುವುದಕ್ಕೆ ಶುರು. ಯೀಸ್ಟ್ ಜೊತೆಗೆ ಮೊಸರು ಮಾಡುವ ಜಾತಿಯ ಬ್ಯಾಕ್ಟೀರಿಯಾಗಳೂ ಕೆಲಸಕ್ಕೆ ಇಳಿಯುತ್ತವೆ. ನಾಲಿಗೆ ಮೇಲೆ ಮೆತ್ತಗೆ, ದುಂಡಗೆ ಅನಿಸುವ ಆ ಹುಳಿಗೆ ಅವುಗಳ ಲ್ಯಾಕ್ಟಿಕ್ ಆಮ್ಲವೂ ಒಂದು ಕಾರಣ.

ಸಕಲೇಶಪುರದ ಹಿರಿಯರು:
ಇದರಲ್ಲಿ ಹೊಸದೇನಪ್ಪಾ? ನಮ್ಮಪ್ಪನ ಕಾಲದಿಂದಲೂ ಪಲ್ಪ್ ಮಾಡಿ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಬೀಜವನ್ನು ತೊಟ್ಟಿಯಲ್ಲಿ ನೀರೊಳಗೆ ಮುಳುಗಿಸಿ ಇಡುತ್ತಿದ್ದೆವು. ನೀರೊಳಗೂ ಗಾಳಿ ಆಡುವುದಿಲ್ಲ. ಆಗ ಯಾರೂ ಅದಕ್ಕೆ ಇಂಗ್ಲಿಷ್ ಹೆಸರಿಟ್ಟು ನಾಲ್ಕು ಪಟ್ಟು ರೇಟು ಹಾಕಲಿಲ್ಲ.

ಬೆಳೆಗಾರ, ಮೂಡಿಗೆರೆ ಕಡೆ:
ಹೌದು ಸರ್, ಅದೂ ಗಾಳಿ ಕಡಿಮೆ ಇರುವ ಹುದುಗೇ. ಆದರೆ ಅಲ್ಲಿ ನಮಗೆ ಬೇಕಾದದ್ದು ಲೋಳೆ ಬಿಡುವುದು ಮಾತ್ರ. ಅರೇಬಿಕಾ ಆದರೆ ಒಂದು, ಒಂದೂವರೆ ದಿನ. ಕೈಯಲ್ಲಿ ಉಜ್ಜಿದರೆ ಮರಳಿನ ಹಾಗೆ ಸಿಗಬೇಕು, ತಕ್ಷಣ ತೊಳೆದುಬಿಡುತ್ತಿದ್ದೆವು. ಹುದುಗಿನ ವಾಸನೆ ಕಪ್ಪಿಗೆ ಬಂದರೆ ಬೀಜ ಸುಲಿದು ವಿಂಗಡಿಸುವ ಕ್ಯೂರಿಂಗ್‌ನವರು ಬೈಯುತ್ತಿದ್ದರು. ಈಗ ಅದೇ ವಾಸನೆ ಬೇಕು ಅಂತ ಸಿಪ್ಪೆ ಸಮೇತ ಮುಚ್ಚುತ್ತಾರೆ. ತೋಟಕ್ಕಿಂತ ವೈನ್ ಮಾಡುವವರ ಕಡೆಯಿಂದ ಬಂದ ಯೋಚನೆ ಇದು. 2015ರ ವಿಶ್ವ ಬರಿಸ್ತಾ ಸ್ಪರ್ಧೆಯಲ್ಲಿ ಆಸ್ಟ್ರೇಲಿಯಾದ ಸಾಸಾ ಸೆಸ್ಟಿಕ್ ಕೊಲಂಬಿಯಾದ ಸುಡಾನ್ ರೂಮೆ ತಳಿಯನ್ನು ಕಾರ್ಬೊನಿಕ್ ಮೆಸರೇಷನ್, ಅಂದರೆ ಇಂಗಾಲದ ಡೈಆಕ್ಸೈಡ್ ತುಂಬಿದ ಟ್ಯಾಂಕಿನಲ್ಲಿ ಹುದುಗಿಸುವ ವೈನಿನವರ ವಿಧಾನ, ಮಾಡಿಸಿ ಗೆದ್ದರು. ಟ್ಯಾಂಕಿನ ಹುಚ್ಚು ಎಲ್ಲ ಕಡೆ ಹಬ್ಬಿದ್ದು ಆಮೇಲೆ.

ಮೈಲಾಪುರದಿಂದ, ಊರು ಮೈಸೂರು:
ನನಗೂ ಇದೇ ತೊಂದರೆ. ಬೆಳಗ್ಗೆ ಫಿಲ್ಟರಿಗೆ ಹಾಕಿದ ಡಿಕಾಕ್ಷನ್ ಸಂಜೆಗೆ ಹುಳಿ ಹುಳಿ. ಚಿಕೋರಿ 20 ಪರ್ಸೆಂಟ್ ಇದೆ. ಇದೂ ಫರ್ಮೆಂಟ್ ಆಗಿರಬಹುದಾ? ಫ್ರಿಜ್ಜಿನಲ್ಲಿ ಇಡಬೇಕಾ?

ಹುರಿಯುವ ಕೆಲಸದವಳು, ಮೈಸೂರು:
ಅದು ಬೇರೆ ವಿಷಯ ಸರ್, ಡಿಕಾಕ್ಷನ್ ಹಳೆಯದಾಗಿ ಹಾಗಾಗುತ್ತೆ. ಬೇಕಾದಾಗ ಸ್ವಲ್ಪ ಸ್ವಲ್ಪ ಇಳಿಸಿಕೊಳ್ಳಿ. ಮೂಡಿಗೆರೆಯವರು ಮುಂದುವರಿಸಿ, ರಮ್ ವಿಷಯ ಇನ್ನೂ ಬಂದಿಲ್ಲ.

ಬೆಳೆಗಾರ, ಮೂಡಿಗೆರೆ ಕಡೆ:
ಬಂದೆ. ಪಕ್ಕದ ತೋಟದಲ್ಲಿ ನಡೆದದ್ದು ಹೇಳಿದರೆ ಬೇಗ ಅರ್ಥವಾಗುತ್ತೆ. ಡಿಸೆಂಬರ್, ಒಂದೇ ದಿನದ ಕೊಯ್ಲು, ಒಂದೇ ಬ್ಲಾಕಿನ ಸೆಲೆಕ್ಷನ್ 795 ತಳಿಯ ಹಣ್ಣು. ಎರಡು ಡ್ರಮ್ ತುಂಬಿದರು. ಒಂದು ಪಲ್ಪರ್ ಮನೆಯೊಳಗೆ ನೆರಳಲ್ಲಿ, ಒದ್ದೆ ಗೋಣಿ ಸುತ್ತಿ. ಇನ್ನೊಂದಕ್ಕೆ ಒಳಗೆ ಜಾಗ ಸಾಲದೆ, ಹೊರಗೆ ತಗಡಿನ ಗೋಡೆ ಪಕ್ಕ. ಎರಡೂ 72 ಗಂಟೆ.

ನೆರಳಿನದು 21–22 ಡಿಗ್ರಿಯಲ್ಲೇ ಇತ್ತು. ಹುಳಿ ಹೆಚ್ಚಿದಷ್ಟೂ ಇಳಿಯುವ ಪಿಎಚ್, ರಸದಲ್ಲಿ 5ರ ಮೇಲಿದ್ದದ್ದು ಮೆಲ್ಲಗೆ ಇಳಿದು ಮೂರನೇ ದಿನ 4.1ಕ್ಕೆ ಬಂತು. ತಗಡಿನ ಪಕ್ಕದ್ದು ಎರಡನೇ ಮಧ್ಯಾಹ್ನವೇ 31 ಡಿಗ್ರಿ, ಪಿಎಚ್ 4ಕ್ಕಿಂತ ಕೆಳಗೆ. ಹುದುಗುವಾಗ ತಾನೇ ಬಿಸಿ ಹುಟ್ಟುತ್ತೆ, ಅದರ ಮೇಲೆ ತಗಡಿನ ಕಾವು. ಅಂದರೆ ಗಂಟೆ ಒಂದೇ ಆದರೂ ಎರಡನೆಯದರ ಕೆಲಸ ಮೊದಲೇ ಮುಗಿದಿತ್ತು. ಪೊಟ್ಟಣದ ಮೇಲೆ ‘72 ಗಂಟೆ’ ಅಂತ ದೊಡ್ಡದಾಗಿ ಬರೆದರೆ ನನಗೆ ನಗು ಬರುವುದು ಇದಕ್ಕೇ. ಎಷ್ಟು ಡಿಗ್ರಿಯಲ್ಲಿ ಅಂತ ಹೇಳದೆ ಗಂಟೆ ಹೇಳಿ ಏನು ಪ್ರಯೋಜನ?

ಆದರೂ ಮುಚ್ಚಳ ತೆಗೆದಾಗ ಅದು ಕೆಟ್ಟಿರಲಿಲ್ಲ. ಬುಸ್ ಅಂತ ಗ್ಯಾಸ್ ಹೋಯಿತು, ನೆನೆದ ದ್ರಾಕ್ಷಿಯ ವಾಸನೆ, ಸ್ವಲ್ಪ ಖಾರವಾಗಿ. ಹಣ್ಣಿನ ಮೇಲೆ ಬಿಳಿ ಪೊರೆ ಇರಲಿಲ್ಲ. ಪೊರೆ ಕಟ್ಟಿದ್ದರೆ ಎಲ್ಲೋ ಗಾಳಿ ಸೇರಿದೆ ಅಂತ ಲೆಕ್ಕ. ಕೆಟ್ಟದ್ದು ಆಮೇಲೆ. ಬಂಗಾಳ ಕೊಲ್ಲಿ ಕಡೆಯಿಂದ ಮೋಡ ಬಂದು ಬಿಸಿಲೇ ಇಲ್ಲ. ಒಣಗಿಸುವ ಟೇಬಲ್ ಎಲ್ಲ ಮೊದಲ ಡ್ರಮ್ಮಿನ ಹಣ್ಣಿಗೆ ಹೋಯಿತು, ತೆಳುವಾಗಿ ಹರಡಿದ್ದರು. ಎರಡನೆಯದನ್ನು ಕಣದಲ್ಲಿ ಮೊಣಕೈ ದಪ್ಪಕ್ಕೆ ಹಾಕಿ ಟಾರ್ಪಾಲ್ ಮುಚ್ಚಿದರು. ಮರುದಿನ ಕೈ ಹಾಕಿದರೆ ರಾಶಿಯ ಒಳಗೆ ಬಿಸಿ, ವಿನೆಗರ್ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

ಗಮನಿಸಬೇಕಾದದ್ದು ಇಲ್ಲಿ. ಆಲ್ಕೊಹಾಲನ್ನು ವಿನೆಗರ್ ಮಾಡುವ ಬ್ಯಾಕ್ಟೀರಿಯಾಗೆ ಗಾಳಿ ಬೇಕೇ ಬೇಕು. ಮುಚ್ಚಿದ ಡ್ರಮ್ಮಿನಲ್ಲಿ ಅದು ಸುಮ್ನೆ ಕೂತಿರುತ್ತೆ. ಮುಚ್ಚಳ ತೆಗೆದು, ಆಲ್ಕೊಹಾಲ್ ತುಂಬಿದ ಹಣ್ಣನ್ನು ಒದ್ದೆಯಾಗಿ ರಾಶಿ ಹಾಕಿದರೆ ಅದಕ್ಕೆ ಹಬ್ಬ. ಹಳೆಯ ಆಲ್ಕೊಹಾಲ್, ಹೊಸ ವಿನೆಗರ್ ಎರಡೂ ಸೇರಿದಲ್ಲೇ ಆ ಈಥೈಲ್ ಅಸಿಟೇಟ್ ಏರುವುದು. ಹುಬ್ಬಳ್ಳಿಯವರೇ, ಅದಕ್ಕೇ ಹೇಳಿದ್ದು, ಟ್ಯಾಂಕ್ ತೆಗೆಯುವುದನ್ನು ಮರೆತರೂ ರಮ್ ಬರಬಹುದು, ಆದರೆ ನಾನು ನೋಡಿದ್ದರಲ್ಲಿ ಹೆಚ್ಚಿನ ಪಾಲು ಕಣದಲ್ಲಿ ಹಾಳಾದದ್ದು.

ಮನೆಯಲ್ಲೇ ಹುರಿಯುವವನು, ಹುಬ್ಬಳ್ಳಿ:
ಕಣದ ವಿಷಯ ನನಗೆ ಹೊಳೆದಿರಲಿಲ್ಲ. ಆದರೆ ಅಣ್ಣ, ಯೀಸ್ಟ್ ಪುಡಿ ಹಾಕಿ ಮಾಡಿದರೆ ಇದೆಲ್ಲ ಕಂಟ್ರೋಲಿಗೆ ಬರುತ್ತೆ ಅಲ್ವಾ?

ಬೆಳೆಗಾರ, ಮೂಡಿಗೆರೆ ಕಡೆ:
ಡ್ರಮ್ಮಿನ ಒಳಗೆ ಬರುತ್ತೆ, ಸ್ವಲ್ಪ ಮಟ್ಟಿಗೆ. ಮೋಡಕ್ಕೆ ಯೀಸ್ಟ್ ಪುಡಿ ಇಲ್ಲ.

ಹುರಿಯುವ ಕೆಲಸದವಳು, ಮೈಸೂರು:
ರುಚಿ ನೋಡುವ ನನ್ನ ಟೇಬಲ್ಲಿಗೆ ಎರಡೂ ಥರ ಬರುತ್ತವೆ, ಅದರಿಂದ ಹೇಳುತ್ತೇನೆ. ಮೇಡಂ, ನಿಮ್ಮ ಎರಡನೇ ಕಾಫಿ ಹಾಲು ಹಾಕದೆ ಮಾಡಿ, ಪೂರಾ ತಣ್ಣಗಾಗಲು ಬಿಡಿ. ಬಿಸಿಯಲ್ಲಿ ರಮ್ ಅನಿಸಿದ್ದು ತಣ್ಣಗಾದಾಗ ಒಣದ್ರಾಕ್ಷಿ, ಬೆಲ್ಲದ ಕಡೆ ತಿರುಗಿ ಸಿಹಿ ನಿಂತರೆ ಆ ಕಾಫಿಯಲ್ಲಿ ತೊಂದರೆ ಇಲ್ಲ, ನಿಮಗೆ ಹಿಡಿಸಲಿಲ್ಲ ಅಷ್ಟೇ. ತಣ್ಣಗಾದಷ್ಟೂ ವಿನೆಗರ್ ಚುಚ್ಚಿ, ಹಿಂದೆ ಕೊಳೆತ ಈರುಳ್ಳಿಯ ಥರ ಏನಾದರೂ ಉಳಿದರೆ ಅದು ಹುದುಗು ಮೀರಿದ ಬೀಜ. ಹಸಿ ಬೀಜ ಸಿಕ್ಕರೆ ಇನ್ನೂ ಸುಲಭ. ಹುಳಿತ ಬೀಜ ಕಂದು ಕೆಂಪು ಬಣ್ಣಕ್ಕೆ ತಿರುಗಿರುತ್ತೆ, ಗೀರಿ ಮೂಸಿದರೆ ಗೊತ್ತಾಗುತ್ತೆ.

ಹುರಿಯುವವರ ಪಾಲೂ ಇದೆ. ಈ ಬೀಜ ಬೇಗ ಬಣ್ಣ ತಿರುಗುತ್ತೆ. ಬಣ್ಣ ನೋಡಿ ಆಯಿತು ಅಂತ ಇಳಿಸಿದರೆ ಒಳಗೆ ಬೆಂದಿರುವುದಿಲ್ಲ, ಆಗ ಹುಳಿ ಎದ್ದು ಕಾಣುತ್ತೆ. ನಾನು ಶುರುವಿನ ಕಾವು ಕಡಿಮೆ ಇಟ್ಟು ನಿಧಾನಕ್ಕೆ ತರುತ್ತೇನೆ. ಮನೆಯಲ್ಲಿ ನೀವು ಮಾಡಬಹುದಾದದ್ದು: ಹುರಿದು ಮೂರು ವಾರವಾದರೂ ಇಟ್ಟು ಕುಡಿಯಿರಿ, ಕುದಿಯುವ ನೀರು ಹಾಕದೆ 88–90 ಡಿಗ್ರಿಗೆ ಇಳಿಸಿ ಹಾಕಿ, ಪುಡಿ ಒಂದು ಹದ ದಪ್ಪ ಇರಲಿ. ಹುದುಗಿನ ಗಾಟು ಸ್ವಲ್ಪ ತಗ್ಗುತ್ತೆ. ವಿನೆಗರ್ ಆಗಿದ್ದರೆ ಯಾವುದರಿಂದಲೂ ಹೋಗಲ್ಲ.

ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಮೂಡಿಗೆರೆಯವರು ರಮ್ ಬಂದರೆ ಹದ ತಪ್ಪಿದೆ ಅನ್ನುತ್ತಾರೆ. ನನ್ನ ಗಿರಾಕಿಗಳಲ್ಲಿ ಅದನ್ನೇ ಕೇಳಿ ಬರುವವರಿದ್ದಾರೆ. ಬೇಕಂತಲೇ ಆ ಕಡೆಗೆ ಒಯ್ದು, ಚೆನ್ನಾಗಿ ಒಣಗಿಸಿದ್ದನ್ನು ತಪ್ಪು ಅನ್ನುವುದು ಹೇಗೆ?

ಸಕಲೇಶಪುರದ ಹಿರಿಯರು:
ಗಿರಾಕಿ ಕೇಳಿದರೆ ಮಾಡಿಕೊಡಿ ತಾಯಿ, ನನ್ನದೇನೂ ತಕರಾರಿಲ್ಲ. ಆದರೆ ಹಾಗೆ ಒಯ್ದ ಮೇಲೆ 795 ತಳಿ ಯಾವುದು, ಚಂದ್ರಗಿರಿ ತಳಿ ಯಾವುದು ಅಂತ ನಿಮ್ಮ ನಾಲಿಗೆಗೆ ಗೊತ್ತಾಗುತ್ತಾ? ಮಗ ತರಿಸಿದ ನಾಲ್ಕು ತೋಟದ ಅನೇರೋಬಿಕ್ ಕುಡಿದೆ. ಎಲ್ಲ ಒಂದೇ ತೋಟದ್ದು ಅನಿಸಿತು.

ಹುರಿಯುವ ಕೆಲಸದವಳು, ಮೈಸೂರು:
ಅದು ನಿಜ ಸರ್, ಟ್ಯಾಂಕ್ ಜೋರಾದರೆ ತೋಟ ಕೇಳಿಸುವುದಿಲ್ಲ. ಕೋಸ್ಟ ರಿಕಾದ ಅನೇರೋಬಿಕ್ ಕಾಫಿಗಳಲ್ಲಿ ಚಕ್ಕೆ ವಾಸನೆ ಬರುತ್ತೆ, ಅದು ಹುದುಗಿನಿಂದಲೇ ಬಂದದ್ದೋ ಯಾರಾದರೂ ಚಕ್ಕೆ ಹಾಕಿದ್ದೋ ಅಂತ ಈ ಕೆಲಸದಲ್ಲಿರುವವರೇ ಜಗಳ ಆಡುತ್ತಾರೆ. ನಮ್ಮಲ್ಲೂ ಈಗ ಡ್ರಮ್ಮಿಗೆ ಅನಾನಸ್ ಹೋಳು ಹಾಕಿ ಹುದುಗಿಸುವವರಿದ್ದಾರೆ. ಹಾಕಿದ್ದನ್ನು ಪೊಟ್ಟಣದ ಮೇಲೆ ಬರೆದರೆ ಸಾಕು ಅನ್ನುವುದು ನನ್ನ ಪಕ್ಷ.

ಕೇಳಿದವರು, ಬೆಂಗಳೂರು:
ತಣ್ಣಗೆ ಮಾಡಿ ಕುಡಿದೆ. ಸಿಹಿ ಇಲ್ಲ, ಚುಚ್ಚುವುದು ಜಾಸ್ತಿಯಾಯಿತು. ಪೊಟ್ಟಣದ ಮೇಲೆ ‘96 ಗಂಟೆ’ ಅಂತ ಇದೆ, ಬೇರೆ ಏನೂ ಇಲ್ಲ. ಮುಂದೆ ತಗೊಳ್ಳುವಾಗ ಅಂಗಡಿಯವರನ್ನು ಏನಂತ ಕೇಳಲಿ? ಆ ಅನಾನಸ್ ಪೊಟ್ಟಣದಲ್ಲಿ ಹೋಳು ಹಾಕಿದ್ದಾರೋ ಅಂತ ಈಗ ಅನುಮಾನ ಬೇರೆ ಶುರುವಾಯಿತು.

ಬೆಳೆಗಾರ, ಮೂಡಿಗೆರೆ ಕಡೆ:
ಎಷ್ಟು ದಿನ ಒಣಗಿಸಿದರು, ಟೇಬಲ್ ಮೇಲೋ ಕಣದಲ್ಲೋ ಅಂತ ಕೇಳಿ. ತೋಟದವರ ಜೊತೆ ನಿಜವಾಗಿ ಒಡನಾಟ ಇರುವ ಅಂಗಡಿಯವರು ತಡವರಿಸದೆ ಹೇಳುತ್ತಾರೆ. ಇನ್ನೊಂದು, ಮೊದಲ ಸಲಕ್ಕೆ ‘ನ್ಯಾಚುರಲ್’ ಬಿಟ್ಟು ‘ಅನೇರೋಬಿಕ್ ವಾಶ್ಡ್’ ತಗೊಳ್ಳಿ. ಸಿಪ್ಪೆ ತೆಗೆದು ಮುಚ್ಚಿದ್ದು, ಆಮೇಲೆ ತೊಳೆದದ್ದು, ಬೇಗ ಒಣಗುತ್ತೆ, ಹಾಗಾಗಿ ರಮ್ ಕಡೆ ಜಾರುವುದು ಕಡಿಮೆ. ಅನಾನಸ್ ಬಗ್ಗೆ ಕುಡಿದು ಮಾತ್ರ ನಾನಂತೂ ಹೇಳಲಾರೆ. ಅದನ್ನೂ ಅವರನ್ನೇ ಕೇಳಿ.