ಸಹಾಯ ಬೇಕು: ಈ ರಾಜೀನಾಮೆ ಪತ್ರಕ್ಕೆ ಸಹಿ ಹಾಕಲೇ?

ಎಲ್ಲರಿಗೂ ನಮಸ್ಕಾರ. ಸೋಮವಾರ ಹತ್ತು ನಿಮಿಷದ ಮೀಟಿಂಗಿನಲ್ಲಿ ಕೆಲಸ ಹೋಯಿತು. ಮಧ್ಯಾಹ್ನದ ಊಟದೊಳಗೆ ಲ್ಯಾಪ್‌ಟಾಪೂ ಲಾಕ್. ಸರ್ವಿಸ್ 4 ವರ್ಷ 11 ತಿಂಗಳು. ಎರಡು ತಿಂಗಳ ನೋಟಿಸ್ ಸಂಬಳ ಕೈಗಿಟ್ಟು ಈ ವಾರವೇ ಕೊನೆ ದಿನ ಅಂತಾರೆ, ಅದೂ ನಾನೇ ರಾಜೀನಾಮೆ ಕೊಟ್ಟ ಹಾಗೆ!

ನೋಟಿಸ್ ಅವಧಿಯನ್ನೂ ಸರ್ವಿಸಿಗೆ ಸೇರಿಸಿದರೆ ಗ್ರಾಚ್ಯುಟಿಗೆ ಬೇಕಾದ ಐದು ವರ್ಷ ತುಂಬುತ್ತದೆ. ಬೇಸಿಕ್ 52,000, ತಿಂಗಳಿಗೆ 26 ದಿನ ಹಿಡಿದು ವರ್ಷಕ್ಕೆ 15 ದಿನದ ಸಂಬಳವೆಂದರೆ ಗ್ರಾಚ್ಯುಟಿ 1,50,000. ಇಎಂಐ ಸೇರಿ ಮನೆಖರ್ಚು 50,000, ಅಂದರೆ ಸರಿಯಾಗಿ ಮೂರು ತಿಂಗಳು.

ಕೊನೆ ದಿನವನ್ನು ನೋಟಿಸ್ ಅವಧಿ ಮುಗಿಯುವವರೆಗೆ ಮುಂದಕ್ಕೆ ಹಾಕಿ ಅಂತ ಕಂಪನಿಯನ್ನು ಮೇಲ್‌ನಲ್ಲಿ ಕೇಳಿದ್ದೇನೆ, ಉತ್ತರ ಬರುವವರೆಗೆ ಸಹಿ ಹಾಕಲ್ಲ. ಹೀಗೆ ಕೊನೆ ದಿನ ಮುಂದಕ್ಕೆ ಹಾಕಿಸಿಕೊಂಡವರಿದ್ದೀರಾ? ಪತ್ರದಲ್ಲಿ ಏನೇನು ಬರೆಸಿಕೊಂಡಿರಿ?

ಈ ವಾರ ಹಳೆಯ ಟೀಮಿನವರಿಗೆ ಫೋನ್ ಮಾಡ್ತಿದ್ದೇನೆ, ಅರ್ಜಿ ಮುಂದಿನ ವಾರದಿಂದ. ಜಾವಾ ಬ್ಯಾಕೆಂಡ್, 7 ವರ್ಷ ಅನುಭವ. ರೆಫರಲ್ ಇದ್ದರೆ ದಯವಿಟ್ಟು ತಿಳಿಸಿ.