ಅಪ್‌ಡೇಟ್: ಗೆರೆ ಇದ್ದ ಟಿವಿ ಕೊನೆಗೂ ಬದಲಾಯ್ತು

ನನ್ನ ಪ್ರಶ್ನೆ: "ಕಲಬುರಗಿಯಲ್ಲಿ ಕೊಂಡ ಹೊಸ ಟಿವಿಯಲ್ಲಿ ಮೊದಲ ದಿನವೇ ಉದ್ದ ಗೆರೆ ಕಾಣಿಸಿದೆ. ಬದಲಿ ಕೇಳಿ ಡೀಲರ್‌ಗೆ ಹೇಗೆ ಬರೆಯಲಿ?"

ಪತ್ರ ತಲುಪಿ ಒಂಬತ್ತನೇ ದಿನಕ್ಕೆ ಬೇರೆ ಟಿವಿ ಬಂತು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

"ನೀವೇ ತಾಗಿಸಿರಬೇಕು, ಅದಕ್ಕೆ ವಾರಂಟಿ ಇಲ್ಲ" ಅಂತ ಡೀಲರ್ ಹೇಳಿದ್ದರು. ನನಗೆ ಬಹಳ ನೋವಾಗಿತ್ತು. ಹಾಗಾಗಿ ಪತ್ರದಲ್ಲಿ ಜಾಸ್ತಿ ಜಾಗ ಇದಕ್ಕೇ ಕೊಟ್ಟೆ. ಪೆಟ್ಟು ಬಿದ್ದರೆ ಸಾಮಾನ್ಯವಾಗಿ ಒಂದು ಕಡೆಯಿಂದ ಜೇಡರ ಬಲೆಯ ಹಾಗೆ ಬಿರುಕು ಹರಡುತ್ತದೆ, ಇಲ್ಲವೇ ಮಸಿ ಚೆಲ್ಲಿದಂತೆ ಕಪ್ಪಾಗುತ್ತದೆ. ನಮ್ಮದರಲ್ಲಿ ಬಿರುಕೇ ಇರಲಿಲ್ಲ. ಮೇಲಿಂದ ಕೆಳಗೆ ಕೂದಲಿನಷ್ಟು ತೆಳುವಾದ ನೇರ ಗೆರೆ, ಅಷ್ಟೇ. ಸೆಟ್‌ಟಾಪ್ ಬಾಕ್ಸ್ ತೆಗೆದು ಟಿವಿಯ ಸ್ವಂತ ಮೆನು ಹಾಕಿದರೂ ಅದು ಅಲ್ಲೇ ಇತ್ತು. ಅಂದರೆ ತೊಂದರೆ ಕೇಬಲ್‌ನದಲ್ಲ, ಟಿವಿಯದೇ ಅಲ್ವಾ? ಆ ಫೋಟೋವನ್ನೇ ಲಗತ್ತಿಸಿದೆ.

ಬಿಲ್ ನಂಬರ್, ಹಿಂಬದಿಯ ಸೀರಿಯಲ್ ನಂಬರ್, ಮನೆಗೆ ತಂದುಕೊಟ್ಟ ದಿನ ಬರೆದೆ. "ರಿಪೇರಿ ಬೇಡ, ಅದೇ ಮಾಡೆಲ್‌ನ ಸೀಲ್ ಒಡೆಯದ ಟಿವಿ 15 ದಿನದಲ್ಲಿ ಕೊಡಿ, ಇಲ್ಲದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ" ಎಂದು ಮುಗಿಸಿದೆ. ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ್ದಕ್ಕೆ ಸಹಿಯಾದ ಚೀಟಿ ಇಟ್ಟುಕೊಂಡೆ.

ಹೊಸ ಟಿವಿಯನ್ನು ತಂದವರ ಎದುರೇ ಹಚ್ಚಿ, ಪರದೆ ಪೂರ್ತಿ ಬಿಳಿ ಮಾಡಿ ನೋಡಿದ ಮೇಲೆಯೇ ಸಹಿ ಹಾಕಿದೆ. ಬಿಲ್‌ನಲ್ಲಿ ಹಳೆಯ ಸೀರಿಯಲ್ ನಂಬರೇ ಉಳಿದಿತ್ತು. ಮುಂದೆ ವಾರಂಟಿಗೆ ತಕರಾರು ಬರಬಾರದೆಂದು ಅದನ್ನೂ ಅವತ್ತೇ ಬದಲಿಸಿಕೊಂಡೆ.