ಶೇ. 5 ರೆಸಿಸ್ಟರ್‌ಗಳ ವೋಲ್ಟೇಜ್ ಡಿವೈಡರ್: ಔಟ್‌ಪುಟ್ ಅತಿ ಹೆಚ್ಚೆಂದರೆ ಎಷ್ಟು ತಪ್ಪಬಹುದು?

ಪ್ರಶ್ನೆ: 12 ವೋಲ್ಟ್ ಲೆಡ್ ಆ್ಯಸಿಡ್ ಬ್ಯಾಟರಿಯ ವೋಲ್ಟೇಜನ್ನು ಆರ್ಡುಯಿನೊ ಊನೊದಿಂದ ಅಳೆಯಲು ಮೇಲೆ 20 ಕಿಲೋ ಓಮ್, ಕೆಳಗೆ 10 ಕಿಲೋ ಓಮ್ ರೆಸಿಸ್ಟರ್ ಹಾಕಿದ್ದೇನೆ. ಕೋಡ್‌ನಲ್ಲಿ ಓದಿದ ವೋಲ್ಟೇಜನ್ನು ಮೂರರಿಂದ ಗುಣಿಸುತ್ತೇನೆ. 11.5 ವೋಲ್ಟ್‌ಗೆ ಇಳಿದರೆ ರಿಲೇ ಲೋಡನ್ನು ಕಡಿಯಬೇಕು. ಮಲ್ಟಿಮೀಟರ್‌ನಲ್ಲಿ 12.00 ತೋರಿಸುವ ಒಂದೇ ಬ್ಯಾಟರಿಗೆ ಒಂದು ಬೋರ್ಡ್ 12.48 ಎನ್ನುತ್ತದೆ, ಇನ್ನೊಂದು 11.60 ಎನ್ನುತ್ತದೆ. ರೆಸಿಸ್ಟರ್‌ಗಳೆಲ್ಲ ಚಿನ್ನದ ಪಟ್ಟಿಯವು, ಅಂದರೆ ಶೇ. 5. ಹಾಗಿದ್ದ ಮೇಲೆ ತಪ್ಪು ಕೂಡ ಶೇ. 5ರೊಳಗೆ ಇರಬೇಕಲ್ಲವೇ? ಇದಕ್ಕಿಂತ ಕೆಟ್ಟದ್ದೂ ಆಗಬಹುದೇ?

ಉತ್ತರ (ಅಳತೆ ಉಪಕರಣಗಳ ವಿನ್ಯಾಸ ಎಂಜಿನಿಯರ್): ಆಗಬಹುದು. ನಿಮ್ಮ ಡಿವೈಡರ್‌ನಲ್ಲಿ ಮೇಲ್ಮುಖವಾಗಿ ಶೇ. 6.8, ಕೆಳಮುಖವಾಗಿ ಶೇ. 6.6ರಷ್ಟು ತಪ್ಪು ರೆಸಿಸ್ಟರ್‌ಗಳಿಂದಲೇ ಬರಲು ಸಾಧ್ಯವಿದೆ.

ಎರಡೂ ರೆಸಿಸ್ಟರ್‌ಗಳು ಒಂದೇ ದಿಕ್ಕಿಗೆ ವಾಲಿದರೆ, ಎಂದರೆ ಎರಡೂ ಶೇ. 5 ಹೆಚ್ಚಿದ್ದರೆ ಅಥವಾ ಎರಡೂ ಶೇ. 5 ಕಡಿಮೆ ಇದ್ದರೆ, ಅನುಪಾತ ಬದಲಾಗುವುದೇ ಇಲ್ಲ. ಔಟ್‌ಪುಟ್ ಸರಿಯಾಗಿಯೇ ಇರುತ್ತದೆ. ಕೆಟ್ಟ ಪರಿಸ್ಥಿತಿ ಬರುವುದು ಅವು ವಿರುದ್ಧ ದಿಕ್ಕಿಗೆ ವಾಲಿದಾಗ. ಮೇಲಿನದು ತನ್ನ ಕನಿಷ್ಠ ಮೌಲ್ಯದಲ್ಲಿಯೂ ಕೆಳಗಿನದು ಗರಿಷ್ಠದಲ್ಲಿಯೂ ಇದ್ದರೆ ಔಟ್‌ಪುಟ್ ಅತಿ ಹೆಚ್ಚಾಗುತ್ತದೆ, ಇದರ ತಿರುವುಮುರುವಾದರೆ ಅತಿ ಕಡಿಮೆಯಾಗುತ್ತದೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯ 14.4 ವೋಲ್ಟನ್ನೇ ಹಿಡಿದು ಲೆಕ್ಕ ಹಾಕೋಣ:

```
Vout = Vin × R2 / (R1 + R2)

ಸರಿ ಮೌಲ್ಯ : 14.4 × 10   / (20 + 10)   = 4.80 V
ಗರಿಷ್ಠ    : 14.4 × 10.5 / (19 + 10.5) = 5.13 V
ಕನಿಷ್ಠ    : 14.4 × 9.5  / (21 + 9.5)  = 4.49 V
```

ಗರಿಷ್ಠದ ಸಾಲು 5 ವೋಲ್ಟನ್ನು ದಾಟಿದೆ. ಅಷ್ಟರಿಂದ ಚಿಪ್ ಸುಡುವುದಿಲ್ಲ, ಆದರೆ ಎಡಿಸಿ 1023ಕ್ಕೆ ಹೋಗಿ ನಿಂತುಬಿಡುತ್ತದೆ. ಅಂಥ ಬೋರ್ಡ್ ಬ್ಯಾಟರಿ 14.05 ವೋಲ್ಟ್ ಮುಟ್ಟಿದಾಗಲೇ 14.99 ಎಂದು ತೋರಿಸಿ, ನಂತರ ಚಾರ್ಜರ್ ಎಷ್ಟೇ ಏರಿಸಿದರೂ ಅದೇ ಅಂಕಿಯಲ್ಲಿ ಅಲುಗಾಡದೆ ಉಳಿಯುತ್ತದೆ. ಚಾರ್ಜ್ ಆಗುವಾಗ ಕೊನೆಯ ಅಂಕಿ ಕೂಡ ಕದಲದಿದ್ದರೆ ಕಾರಣ ಇದೇ ಇರಬಹುದೆಂದು ಮೊದಲು ನೋಡಿ.

ಇನ್ನು ನಿಮ್ಮ ಕಟ್‌ಆಫ್. ಪರದೆಯ ಮೇಲೆ 11.5 ಬಂದಾಗ ರಿಲೇ ಬಿಡುತ್ತದೆ ಎಂದುಕೊಳ್ಳಿ. ಗರಿಷ್ಠ ತಪ್ಪಿನ ಬೋರ್ಡ್‌ನಲ್ಲಿ ಆ ಹೊತ್ತಿಗೆ ಬ್ಯಾಟರಿ ನಿಜವಾಗಿ 10.77 ವೋಲ್ಟ್‌ಗೆ ಇಳಿದಿರುತ್ತದೆ. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಪದೇ ಪದೇ ಅಲ್ಲಿಯವರೆಗೆ ಎಳೆದರೆ ಅದರ ಆಯಸ್ಸು ಉಳಿಯುವುದಿಲ್ಲ. ಕನಿಷ್ಠ ತಪ್ಪಿನ ಬೋರ್ಡ್ 12.31 ವೋಲ್ಟ್ ಇರುವಾಗಲೇ ಲೋಡನ್ನು ಕಡಿಯುತ್ತದೆ, ಎಂದರೆ ಇನ್ನೂ ಸಾಕಷ್ಟು ಚಾರ್ಜ್ ಉಳಿದಿರುವಾಗ. ಹನ್ನೆರಡು ವೋಲ್ಟ್ ಬ್ಯಾಟರಿ ತುಂಬಿದಾಗಿನ ಮತ್ತು ಬರಿದಾದಾಗಿನ ವೋಲ್ಟೇಜ್‌ಗಳ ನಡುವಿನ ಅಂತರವೇ ಒಂದು ವೋಲ್ಟ್ ಆಸುಪಾಸು ಇರುವುದರಿಂದ, ಈ ಕೆಲಸಕ್ಕೆ ಶೇ. 6 ಎಂಬುದು ದೊಡ್ಡ ತಪ್ಪು.

ಎರಡೂ ಬೋರ್ಡ್‌ಗಳ ರೆಸಿಸ್ಟರ್‌ಗಳ ಒಂದು ಕಾಲನ್ನು ಬಿಚ್ಚಿ ಅಳೆದು ತಿಳಿಸುವಿರಾ? ಬೋರ್ಡ್‌ನಲ್ಲಿದ್ದಂತೆಯೇ ಅಳೆದರೆ ಬೇರೆ ದಾರಿಗಳಲ್ಲಿ ಹರಿಯುವ ಕರೆಂಟ್ ಸೇರಿ ಅಂಕಿ ಕೆಡುತ್ತದೆ.

ಡಿಪ್ಲೊಮಾ ವಿದ್ಯಾರ್ಥಿ: ಮೇಡಂ, ಎರಡು ರೆಸಿಸ್ಟರ್‌ಗಳೂ ಶೇ. 5 ತಪ್ಪಿದರೆ ಒಟ್ಟು ಶೇ. 10 ಆಗಬೇಕಲ್ಲವೇ? ನನ್ನ ಪ್ರಾಜೆಕ್ಟ್‌ನಲ್ಲಿ ಅಲ್ಟ್ರಾಸಾನಿಕ್ ಸೆನ್ಸರ್‌ನ ಎಕೋ ಪಿನ್‌ನಿಂದ ಬರುವ 5 ವೋಲ್ಟನ್ನು ಇಎಸ್‌ಪಿ32ಗೆ ಇಳಿಸಲು ಮೇಲೆ 1 ಕಿಲೋ, ಕೆಳಗೆ 2 ಕಿಲೋ ಹಾಕಿದ್ದೇನೆ. 3.33 ವೋಲ್ಟ್‌ಗೆ ಶೇ. 10 ಸೇರಿಸಿದರೆ 3.66 ಆಗುತ್ತದೆ. ನನ್ನ ಬೋರ್ಡ್ ಹಾಳಾಗುತ್ತದೆಯೇ?

ಎಂಜಿನಿಯರ್: ಶೇ. 10 ಎಂಬುದು ಸುಳ್ಳಲ್ಲ, ಆದರೆ ಅದು ಮೇಲ್ಮಿತಿ. ಎರಡು ಟಾಲರೆನ್ಸ್‌ಗಳ ಮೊತ್ತವನ್ನು, ಮೇಲಿನ ರೆಸಿಸ್ಟರ್ ಒಟ್ಟು ವೋಲ್ಟೇಜ್‌ನಲ್ಲಿ ಎಷ್ಟು ಪಾಲನ್ನು ಹಿಡಿದುಕೊಳ್ಳುತ್ತದೆಯೋ ಆ ಪಾಲಿನಿಂದ ಗುಣಿಸಬೇಕು; ಆಗ ಔಟ್‌ಪುಟ್‌ನ ತಪ್ಪು ಸುಮಾರಾಗಿ ಸಿಗುತ್ತದೆ. ಪ್ರಶ್ನೆ ಕೇಳಿದವರಲ್ಲಿ ಮೇಲಿನ ಪಾಲು ಮೂರರಲ್ಲಿ ಎರಡು, ಆದ್ದರಿಂದ ಶೇ. 6.7. ನಿಮ್ಮಲ್ಲಿ ಮೂರರಲ್ಲಿ ಒಂದೇ, ಆದ್ದರಿಂದ ಶೇ. 3.3. ಎರಡೂ ಸಮನಾದ ರೆಸಿಸ್ಟರ್‌ಗಳಾದರೆ ಸರಿಯಾಗಿ ಶೇ. 5, ಮೊದಲ ಪ್ರಶ್ನೆಯಲ್ಲಿ ಇದ್ದ ಊಹೆ ನಿಜವಾಗುವುದು ಮೇಲಿನ ರೆಸಿಸ್ಟರ್ ಕೆಳಗಿನದಕ್ಕಿಂತ ದೊಡ್ಡದಲ್ಲದಿದ್ದಾಗ ಮಾತ್ರ. 230 ವೋಲ್ಟನ್ನು ಒಂದೆರಡು ವೋಲ್ಟ್‌ಗೆ ಇಳಿಸುವಂಥ ಡಿವೈಡರ್‌ನಲ್ಲಿ ಹೆಚ್ಚುಕಡಿಮೆ ಎಲ್ಲ ವೋಲ್ಟೇಜೂ ಮೇಲಿನ ರೆಸಿಸ್ಟರ್ ಮೇಲೆಯೇ ಬೀಳುವುದರಿಂದ ಅಲ್ಲಿ ನೀವು ಹೇಳಿದ ಶೇ. 10 ನಿಜವಾಗುತ್ತದೆ.

ನಿಮ್ಮ ಸೆನ್ಸರ್‌ಗೆ ಸರಿಯಾಗಿ 5 ವೋಲ್ಟ್ ಸಿಗುತ್ತಿದ್ದರೆ ಪಿನ್‌ಗೆ ಅತಿ ಹೆಚ್ಚೆಂದರೆ 3.44 ವೋಲ್ಟ್ ಬರುತ್ತದೆ. ಯುಎಸ್‌ಬಿ 5.25 ವೋಲ್ಟ್ ಕೊಟ್ಟ ದಿನ ಅದು 3.61 ಆಗಿ, 3.3 ವೋಲ್ಟ್‌ನಲ್ಲಿ ನಡೆಯುವ ಇಎಸ್‌ಪಿ32ರ 3.6 ವೋಲ್ಟ್ ಮಿತಿಯನ್ನು ಮುಟ್ಟಿಬಿಡುತ್ತದೆ. ಕೆಳಗಿನದನ್ನು 1.5 ಕಿಲೋಗೆ ಬದಲಿಸಿದರೆ ಅತಿ ಹೆಚ್ಚು 3.27ರಲ್ಲಿ ನಿಲ್ಲುತ್ತದೆ, ಅತಿ ಕಡಿಮೆಯಾದಾಗಲೂ 2.7 ಇರುವುದರಿಂದ ಪಿನ್ ಅದನ್ನು ಹೈ ಎಂದೇ ಓದುತ್ತದೆ. ಅಲ್ಲಿ ನಿಮಗೆ ಬೇಕಾಗಿರುವುದು ಹೈ ಅಥವಾ ಲೋ ಎಂಬ ತೀರ್ಮಾನ ಮಾತ್ರ. ಬ್ಯಾಟರಿ ಅಳೆಯುವವರಿಗೆ ಅಂಕಿಯೇ ಬೇಕು.

ಇನ್ವರ್ಟರ್ ರಿಪೇರಿ ಮಾಡುವವರು: ಮೇಡಂ ಹೇಳಿದ ಲೆಕ್ಕ ಸರಿ, ಆದರೆ ಅದು ಕಾಗದದ ಲೆಕ್ಕ. ರೀಲಿನಿಂದ ಕತ್ತರಿಸಿ ಕೊಡುವ ಪಟ್ಟಿಯನ್ನು ತಂದು ಒಂದೊಂದೇ ಅಳೆದು ನೋಡಿ, 10 ಕಿಲೋ ಎಂದು ಕೊಟ್ಟದ್ದೆಲ್ಲ 9.85 ಆಸುಪಾಸಿನಲ್ಲೇ ಇರುತ್ತವೆ. ಒಂದು ಶೇ. 5 ಮೇಲೆ, ಇನ್ನೊಂದು ಶೇ. 5 ಕೆಳಗೆ ಸಿಗುವುದನ್ನು ನಾನಂತೂ ಕಂಡಿಲ್ಲ. ಆಗದಿರುವುದಕ್ಕಾಗಿ ಡಿಸೈನ್ ಮಾಡುವುದೇಕೆ?

ಎಂಜಿನಿಯರ್: ಒಂದೇ ಪಟ್ಟಿಯ ತುಂಡುಗಳು ಒಂದಕ್ಕೊಂದು ಹತ್ತಿರವಿರುತ್ತವೆ ಎಂಬುದನ್ನು ಒಪ್ಪುತ್ತೇನೆ. ಆದರೆ ಇಲ್ಲಿ 20 ಕಿಲೋ ಒಂದು ಪಟ್ಟಿಯಿಂದ ಬಂದಿದೆ, 10 ಕಿಲೋ ಇನ್ನೊಂದರಿಂದ. ಒಂದು ಪಟ್ಟಿ ಪೂರ್ತಿಯಾಗಿ ಶೇ. 3 ಮೇಲಿದ್ದು ಇನ್ನೊಂದು ಪೂರ್ತಿಯಾಗಿ ಶೇ. 3 ಕೆಳಗಿದ್ದರೆ ಆ ಸಲ ಕಟ್ಟಿದ ಪ್ರತಿಯೊಂದು ಬೋರ್ಡೂ ಒಂದೇ ಕಡೆಗೆ ತಪ್ಪುತ್ತದೆ. ಸರಾಸರಿಯಲ್ಲಿ ಸರಿಹೋಗುತ್ತದೆ ಎಂಬ ಭರವಸೆ ಆಗ ಕೆಲಸಕ್ಕೆ ಬರುವುದಿಲ್ಲ.

ನೀವು ಹೇಳಿದ ಗುಣವನ್ನು ಬಳಸಿಕೊಳ್ಳಲು ಒಂದು ದಾರಿಯಿದೆ. 20 ಕಿಲೋ ಬದಲಿಗೆ 10 ಕಿಲೋದ ಎರಡನ್ನು ಸರಣಿಯಲ್ಲಿ ಹಾಕಿ, ಕೆಳಗೂ ಅದೇ ಪಟ್ಟಿಯ ಇನ್ನೊಂದನ್ನು ಹಾಕಬಹುದು. ಮೂರೂ 9.85 ಆಗಿದ್ದರೆ ಅನುಪಾತ ಸರಿಯಾಗಿ ಮೂರನೇ ಒಂದು ಉಳಿಯುತ್ತದೆ. ಹಾಗೆಂದು ಕಾಗದದ ಮೇಲಿನ ಗರಿಷ್ಠ ತಪ್ಪು ಕಡಿಮೆಯಾಗಿಲ್ಲ, ಅದು ಅದೇ ಶೇ. 6.8. ತಯಾರಕರು ಭರವಸೆ ಕೊಟ್ಟಿರುವುದು ಪ್ರತಿ ರೆಸಿಸ್ಟರ್‌ಗೆ ಶೇ. 5 ಎಂದು ಮಾತ್ರ, ಪಟ್ಟಿಯಲ್ಲಿರುವವು ಪರಸ್ಪರ ಹೊಂದುತ್ತವೆ ಎಂದಲ್ಲ.

ಪ್ರಶ್ನೆ ಕೇಳಿದವರು: ಬಿಚ್ಚಿ ಅಳೆದೆ. ಹೆಚ್ಚು ತೋರಿಸುವ ಬೋರ್ಡ್‌ನಲ್ಲಿ ಮೇಲಿನದು 19.4, ಕೆಳಗಿನದು 10.3 ಕಿಲೋ. ಕಡಿಮೆ ತೋರಿಸುವುದರಲ್ಲಿ 20.6 ಮತ್ತು 9.8. ಎಲ್ಲವೂ ಶೇ. 5ರೊಳಗೇ ಇವೆ.

ಎಂಜಿನಿಯರ್: ಹಾಗಾದರೆ ಎರಡೂ ಬೋರ್ಡ್‌ಗಳ ಕಥೆ ರೆಸಿಸ್ಟರ್‌ಗಳಲ್ಲೇ ಇದೆ. ಮೊದಲನೆಯದರ ಅನುಪಾತ 0.3468, ಎಂದರೆ 12.00 ವೋಲ್ಟ್ 12.48 ಆಗಿ ಕಾಣಬೇಕು. ಎರಡನೆಯದರ ಅನುಪಾತ 0.3224, ಎಂದರೆ 11.60. ನೀವು ನೋಡಿದ ಅಂಕಿಗಳು ಇವೇ. ನಾಲ್ಕರಲ್ಲಿ ಯಾವ ರೆಸಿಸ್ಟರೂ ಶೇ. 3ಕ್ಕಿಂತ ಹೆಚ್ಚು ತಪ್ಪಿಲ್ಲ, ಆದರೂ ಎರಡು ಬೋರ್ಡ್‌ಗಳ ನಡುವೆ 0.88 ವೋಲ್ಟ್ ಅಂತರ ಬಂದಿದೆ. ರಿಪೇರಿಯವರು ಕೇಳಿದ್ದಕ್ಕೆ ಇದನ್ನೂ ಉತ್ತರವಾಗಿ ನೋಡಬಹುದು: ತೊಂದರೆಯಾಗಲು ಶೇ. 5ರ ತುದಿಯವರೆಗೆ ಹೋಗಬೇಕಾಗಿಲ್ಲ.

ಎಡಿಸಿಯ 5 ವೋಲ್ಟ್ ರೆಫರೆನ್ಸನ್ನೂ ಅಳೆದುಕೊಳ್ಳಿ. ಈ ಎರಡರಲ್ಲಿ ಅದು ಸರಿಯಿದ್ದಂತಿದೆ, ಆದರೆ 7805 ರೆಗ್ಯುಲೇಟರ್‌ನ ಔಟ್‌ಪುಟ್ 4.8ರಿಂದ 5.2ರವರೆಗೆ ಎಲ್ಲಿ ಬೇಕಾದರೂ ಇರಬಹುದು, ಮತ್ತು ಆ ಶೇ. 4 ಡಿವೈಡರ್‌ನ ತಪ್ಪಿನ ಮೇಲೆ ಸೇರಿಕೊಳ್ಳುತ್ತದೆ.

ಸರಿಪಡಿಸಲು ಎರಡು ಕೆಲಸ ಮಾಡಿ. ಮೊದಲು ಮೇಲಿನ ರೆಸಿಸ್ಟರನ್ನು 27 ಕಿಲೋಗೆ ಏರಿಸಿ. ಆಗ ಅತಿ ಕೆಟ್ಟ ಜೋಡಿಯಲ್ಲೂ 14.4 ವೋಲ್ಟ್‌ಗೆ ಔಟ್‌ಪುಟ್ 4.18 ಮಾತ್ರ, ಬ್ಯಾಟರಿ ವೋಲ್ಟೇಜ್ 17 ದಾಟುವವರೆಗೆ ಎಡಿಸಿ ತುಂಬುವುದಿಲ್ಲ. ಎಡಿಸಿಯ ಒಂದು ಮೆಟ್ಟಿಲು ಬ್ಯಾಟರಿಯ 18 ಮಿಲಿವೋಲ್ಟ್‌ಗೆ ಸಮನಾಗುತ್ತದೆ, ನಿಮ್ಮ ಕಟ್‌ಆಫ್‌ಗೆ ಅದು ಧಾರಾಳ ಸಾಕು. ಕರೆಂಟ್ ಉಳಿಸಲು ನೂರಾರು ಕಿಲೋ ಓಮ್‌ಗೆ ಹೋಗಬೇಡಿ; ಊನೊದ ಎಡಿಸಿಗೆ ಮೂಲದ ರೆಸಿಸ್ಟೆನ್ಸ್ 10 ಕಿಲೋದೊಳಗೆ ಇರಬೇಕು.

ಎರಡನೆಯದಾಗಿ, ಪ್ರತಿ ಬೋರ್ಡ್‌ಗೂ ಅದರದೇ ಗುಣಕ ಕೊಡಿ. ಬ್ಯಾಟರಿಯನ್ನು ಮಲ್ಟಿಮೀಟರ್‌ನಲ್ಲಿ ಅಳೆದು, ಆ ಅಂಕಿಯನ್ನು ಬೋರ್ಡ್ ತೋರಿಸಿದ ಅಂಕಿಯಿಂದ ಭಾಗಿಸಿ, ಹಳೆಯ ಗುಣಕದಿಂದ ಗುಣಿಸಿ. ರೆಸಿಸ್ಟರ್ ಬದಲಿಸದ ಈಗಿನ ಮೊದಲ ಬೋರ್ಡ್‌ಗಾದರೆ ಹೀಗೆ:

```
float k = 3.0 * 12.00 / 12.48;   // 2.885
float vbat = analogRead(A0) * 5.0 / 1024 * k;
```

ಎರಡನೆಯದಕ್ಕೆ ಇದೇ ಲೆಕ್ಕದಿಂದ 3.103 ಬರುತ್ತದೆ. ರೆಫರೆನ್ಸ್‌ನ ಸ್ಥಿರ ತಪ್ಪು ಕೂಡ ಇದರಲ್ಲೇ ಹೋಗುತ್ತದೆ. ಇಷ್ಟಾದರೂ ಹೊಸದಾಗಿ ಕಟ್ಟುವ ಬೋರ್ಡ್‌ಗಳಿಗೆ ಶೇ. 1 ಮೆಟಲ್ ಫಿಲ್ಮ್ ಹಾಕಿ ಎಂದೇ ಹೇಳುತ್ತೇನೆ. ನಿಮ್ಮ 20 ಮತ್ತು 10 ಕಿಲೋದಲ್ಲೇ ಅತಿ ಹೆಚ್ಚಿನ ತಪ್ಪು ಶೇ. 1.34ಕ್ಕೆ ಇಳಿಯುತ್ತದೆ, 12.00 ವೋಲ್ಟ್ ಹೆಚ್ಚೆಂದರೆ 12.16 ಆಗಿ ಕಾಣುತ್ತದೆ.

ಇನ್ವರ್ಟರ್ ರಿಪೇರಿ ಮಾಡುವವರು: ಗುಣಕ ಹಾಕಿದ ಮೇಲೆ ಶೇ. 5ರದ್ದೇ ಸಾಕಲ್ಲ? ಹೇಗಿದ್ದರೂ ತಪ್ಪನ್ನು ಕೋಡ್ ನುಂಗಿಬಿಡುತ್ತದೆ.

ಎಂಜಿನಿಯರ್: ಆ ದಿನ, ಆ ಬಿಸಿಯಲ್ಲಿ ಇದ್ದ ತಪ್ಪನ್ನು ಮಾತ್ರ ನುಂಗುತ್ತದೆ. ಕಾರ್ಬನ್ ಫಿಲ್ಮ್ ರೆಸಿಸ್ಟರ್‌ನ ಮೌಲ್ಯ ಬಿಸಿ ಏರಿದಂತೆ ಇಳಿಯುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ಇಳಿದರೆ ತೊಂದರೆಯಿಲ್ಲ, ಆದರೆ ಬೇರೆ ಬೇರೆ ಮೌಲ್ಯದವು ಹಾಗೆ ಇಳಿಯಲೇಬೇಕೆಂದಿಲ್ಲ. ಇನ್ನೂ ದೊಡ್ಡ ಚಿಂತೆ ನಿಮ್ಮದೇ ಕೆಲಸಕ್ಕೆ ಸೇರಿದ್ದು. ನಾಳೆ ಯಾರೋ ಆ ಬೋರ್ಡ್‌ನ ಸುಟ್ಟ 10 ಕಿಲೋವನ್ನು ಬದಲಿಸಿದರೆ ಹಳೆಯ ಗುಣಕ ಹೊಸ ರೆಸಿಸ್ಟರ್‌ಗೆ ಸುಳ್ಳಾಗುತ್ತದೆ, ಅದು ಅವರಿಗೆ ಗೊತ್ತೂ ಆಗುವುದಿಲ್ಲ.

ಇನ್ವರ್ಟರ್ ರಿಪೇರಿ ಮಾಡುವವರು: ಆ ಕಾರಣಕ್ಕೆ ಗುಣಕವನ್ನು ಬೋರ್ಡ್ ಮೇಲೆ ಬರೆದಿಟ್ಟರೆ ಆಯಿತು. ಬದಲಿಸಿದವರು ಮತ್ತೆ ಅಳೆಯಲಿ. ಶೇ. 1ರದ್ದೇ ಬೇಕು ಎಂಬುದನ್ನು ನಾನಿನ್ನೂ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು: 27 ಕಿಲೋ ಹಾಕಿ ಗುಣಕವನ್ನೂ ಬದಲಿಸುತ್ತೇನೆ. ನನ್ನ ಪೆಟ್ಟಿಗೆ ತಗಡಿನದು, ಮಧ್ಯಾಹ್ನ ಬಿಸಿಲಿಗೆ ಬೀಳುತ್ತದೆ. ಬಿಸಿಯಿಂದ ಎಷ್ಟು ಸರಿಯುತ್ತದೆ ಎಂಬುದನ್ನು ತಿಳಿಯುವುದು ಹೇಗೆ?

ಎಂಜಿನಿಯರ್: ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಪೆಟ್ಟಿಗೆ ಕಾದಾಗ ಒಮ್ಮೆ ಬ್ಯಾಟರಿಯ ವೋಲ್ಟೇಜ್, ಆರ್ಡುಯಿನೊದ 5 ವೋಲ್ಟ್ ಪಿನ್, ಡಿವೈಡರ್‌ನ ಮಧ್ಯಬಿಂದು, ಈ ಮೂರನ್ನೂ ಒಂದೇ ಮಲ್ಟಿಮೀಟರ್‌ನಿಂದ ಅಳೆದು ಬರೆದುಕೊಳ್ಳಿ. ಮಲ್ಟಿಮೀಟರನ್ನು ನೆರಳಿನಲ್ಲೇ ಇಡಿ. ಮಧ್ಯಬಿಂದುವನ್ನು ಬ್ಯಾಟರಿಯ ವೋಲ್ಟೇಜ್‌ನಿಂದ ಭಾಗಿಸಿದ ಅನುಪಾತ ಬದಲಾಗಿದ್ದರೆ ರೆಸಿಸ್ಟರ್‌ಗಳು ಸರಿದಿವೆ. ಅನುಪಾತ ಹಾಗೇ ಇದ್ದು ಪರದೆಯ ಅಂಕಿ ಮಾತ್ರ ಸರಿದಿದ್ದರೆ 5 ವೋಲ್ಟ್ ಪಿನ್ನಿನ ಅಂಕಿಯನ್ನು ನೋಡಿ.